90 ದಿನದ ಪಾಸ್‌ವರ್ಡ್ ನಿಯಮ ತೆಗೆಯಬಹುದಾ?

"ಉಡುಪಿಯ ನಮ್ಮ ಆಫೀಸಿನಲ್ಲಿ 90 ದಿನಕ್ಕೊಮ್ಮೆ ಪಾಸ್‌ವರ್ಡ್ ಬದಲಿಸಲೇಬೇಕು. ಈ ನಿಯಮ ತೆಗೆದರೆ ಅಪಾಯ ಅಲ್ವಾ?"

ತೆಗೆಯಿರಿ, ಆದರೆ ಸುಮ್ನೆ ತೆಗೆದುಬಿಡಬೇಡಿ. ನಾನು ಮಂಗಳೂರಿನಲ್ಲಿ ಇದೇ ಕೆಲಸ ನೋಡಿಕೊಳ್ಳುವವ. ಗಡುವು ಬಂದಾಗ ಜನ ಏನು ಮಾಡುತ್ತಾರೆ ಗೊತ್ತಲ್ಲ? `Malpe@Mar` ಇದ್ದದ್ದು `Malpe@Jun` ಆಗುತ್ತದೆ. ಹಳೆಯದು ಕಳ್ಳನ ಕೈಗೆ ಸಿಕ್ಕಿದ್ದರೆ ಹೊಸದನ್ನು ಊಹಿಸಲು ಅವನಿಗೆ ಎಷ್ಟು ಹೊತ್ತು ಬೇಕು? 2010ರಲ್ಲಿ ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯದವರು ಹಳೆಯ ಖಾತೆಗಳ ಮೇಲೆ ಇದನ್ನೇ ಪರೀಕ್ಷಿಸಿದರು. ಹಳೆಯ ಪಾಸ್‌ವರ್ಡ್ ಗೊತ್ತಿದ್ದರೆ, ಸುಮಾರು 17% ಖಾತೆಗಳ ಮುಂದಿನ ಪಾಸ್‌ವರ್ಡ್ ಐದು ಊಹೆಯೊಳಗೇ ಸಿಕ್ಕಿತು. ಅಲ್ಲದೆ ಕದ್ದವನು 90 ದಿನ ಕಾಯುತ್ತಾ ಕೂರುವುದಿಲ್ಲ, ಅದೇ ದಿನ ಒಳಗೆ ಬರುತ್ತಾನೆ.

ಅಮೆರಿಕದ ಸರ್ಕಾರಿ ಮಾನದಂಡ ಸಂಸ್ಥೆ ನಿಸ್ಟ್ ತನ್ನ ಮಾರ್ಗಸೂಚಿಯಲ್ಲಿ 2017ರಲ್ಲೇ ಗಡುವು ಹಾಕದಿರುವುದು ಒಳ್ಳೆಯದು ಎಂದಿತು. 2025ರ ಆವೃತ್ತಿಯಲ್ಲಿ ಹಾಕಲೇಬಾರದು ಎಂದಿದೆ. ಸೋರಿಕೆಯ ಸುಳಿವು ಸಿಕ್ಕಾಗ ಮಾತ್ರ ಕಡ್ಡಾಯವಾಗಿ ಬದಲಿಸಬೇಕು.

ಬದಲಿಗೆ ಮೊದಲು ಎರಡನೇ ಹಂತದ ದೃಢೀಕರಣ ಹಾಕಿ. ಅದಿಲ್ಲದ ಕಡೆ ಕನಿಷ್ಠ 15 ಅಕ್ಷರ ಇರಲಿ. ಹೊಸ ಪಾಸ್‌ವರ್ಡ್ ಇಡುವಾಗಲೇ ಸೋರಿದವುಗಳ ಪಟ್ಟಿಗೆ ಹೋಲಿಸಿ, ಅದರಲ್ಲಿದ್ದರೆ ತಿರಸ್ಕರಿಸಿ. ಆ ಪಟ್ಟಿಗೆ ನಿಮ್ಮ ಆಫೀಸಿನ ಹೆಸರು, `udupi`, `malpe` ಇವನ್ನೂ ಸೇರಿಸಿ. ನಮ್ಮಲ್ಲಿ ಜಾಸ್ತಿ ಸಿಕ್ಕಿಬಿದ್ದದ್ದು ಊರಿನ ಹೆಸರುಗಳೇ!

ಕೆಲಸ ಬಿಟ್ಟವರ ಖಾತೆಯನ್ನು ಮಾತ್ರ ಅದೇ ದಿನ ಮುಚ್ಚಿ. ಅದನ್ನು ಮುಚ್ಚಲು ಮರೆತರೂ 90 ದಿನದ ನಿಯಮ ಆ ಮರೆವನ್ನು ಸ್ವಲ್ಪ ಮುಚ್ಚಿಹಾಕುತ್ತಿತ್ತು.