ಇಪ್ಪತ್ತರ ನೋಟು, ಇಪ್ಪತ್ತರ ಗೆರೆ

"ನಮ್ಮ ವಾರ್ಡಿನಿಂದ ಇನ್ಸುಲಿನ್ ಬರೆಸಿಕೊಂಡು ಹೋಗುವವರಲ್ಲಿ ಓದು ಬಾರದವರೇ ಹೆಚ್ಚು. ಕರಪತ್ರ ಕೊಟ್ಟು ಕಾಲು ಗಂಟೆ ವಿವರಿಸುತ್ತೇನೆ. 'ತಿಳೀತು ಸಿಸ್ಟರ್' ಎನ್ನುತ್ತಾರೆ. ಎರಡು ವಾರಕ್ಕೆ ಸಕ್ಕರೆ ಏರಿಸಿಕೊಂಡು ಮತ್ತೆ ಬರುತ್ತಾರೆ. ತರಗತಿಯಲ್ಲಿ ಓದಿದ ವಯಸ್ಕರ ಕಲಿಕೆಯ ತತ್ವಗಳು ಹಾಸಿಗೆಯ ಪಕ್ಕದಲ್ಲಿ ಉಪಯೋಗಕ್ಕೆ ಬರುತ್ತವೆಯೇ?"
— ಶುಶ್ರೂಷಾಧಿಕಾರಿ, ತಾಲ್ಲೂಕು ಆಸ್ಪತ್ರೆ

ಬರುತ್ತವೆ, ಆದರೆ ನೀವು ವಿವರಣೆಗೆ ತೊಡಗುವ ಮೊದಲೇ ಅವುಗಳ ಕೆಲಸ ಶುರುವಾಗಬೇಕು. ಅಮೆರಿಕದ ಶಿಕ್ಷಣತಜ್ಞ ಮಾಲ್ಕಮ್ ನೋಲ್ಸ್ ಹೇಳಿದ್ದರ ಸಾರವೆಂದರೆ, ವಯಸ್ಕರು ತಮಗೆ ಈಗ ಬೇಕಾದದ್ದನ್ನು, ತಮಗೆ ಈಗಾಗಲೇ ಗೊತ್ತಿರುವುದರ ಮೇಲೆ ನಿಂತು, ತಮ್ಮ ನಿರ್ಧಾರವನ್ನು ತಾವೇ ಮಾಡುತ್ತ ಕಲಿಯುತ್ತಾರೆ. ನಾನು ವಾರ್ಡಿನಲ್ಲಿದ್ದಾಗ ಕಂಡ, ಹೂ ಮಾರುವ ಒಬ್ಬ ಅಮ್ಮನ ವಿಷಯವನ್ನೇ ಇಟ್ಟುಕೊಂಡು ಹೇಳುತ್ತೇನೆ.

ಅವರಿಗೆ 30/70 ಮಿಶ್ರ ಇನ್ಸುಲಿನ್, ಬೆಳಿಗ್ಗೆ 20 ಯೂನಿಟ್, ರಾತ್ರಿ 10 ಯೂನಿಟ್ ಎಂದು ಬರೆದಿದ್ದರು. ಊಟ ತಿಂಡಿಗೆ ಅರ್ಧ ಗಂಟೆ ಮುಂಚೆ ಚುಚ್ಚಿಕೊಳ್ಳಬೇಕು ಎಂದು ನಾನು ವಿವರಿಸಿದೆ, ಅವರು ತಲೆಯಾಡಿಸಿದರು. ಆಮೇಲೆ ಸುಮ್ಮನೆ ಮಾತಿಗೆಂದು "ಬೆಳಿಗ್ಗೆ ಎಷ್ಟು ಹೊತ್ತಿಗೆ ಏಳ್ತೀರಮ್ಮ?" ಎಂದು ಕೇಳಿದಾಗ ಗೊತ್ತಾಯಿತು: ನಾಲ್ಕಕ್ಕೆ ಎದ್ದು ಹೂವಿನ ಮಾರುಕಟ್ಟೆಗೆ ಹೋಗುತ್ತಾರೆ, ತಿಂಡಿ ತಿನ್ನುವುದು ವ್ಯಾಪಾರ ಇಳಿದ ಮೇಲೆ, ಹತ್ತು ಗಂಟೆಗೆ. ಅವರ ಬೆಳಗಾಗುವುದು ನಾಲ್ಕಕ್ಕೇ ಆದ್ದರಿಂದ ಎದ್ದ ಕೂಡಲೇ ಚುಚ್ಚಿಕೊಂಡು ಹೊರಟಿದ್ದರೆ, ಆರೇಳು ಗಂಟೆಯ ಹೊತ್ತಿಗೆ ಮಾರುಕಟ್ಟೆಯಲ್ಲಿ ಬೆವರಿ, ಕೈಕಾಲು ನಡುಗಿ ಕುಸಿದಿರುತ್ತಿದ್ದರು. ಎರಡು ದಾರಿಗಳಿದ್ದವು: ಒಂದೋ ನಾಲ್ಕೂವರೆಗೆ ಏನಾದರೂ ಹೊಟ್ಟೆಗೆ ಹಾಕಿಕೊಂಡು ಹೊರಡುವುದು, ಇಲ್ಲವೇ ಇನ್ಸುಲಿನ್ನನ್ನೇ ಒಂಬತ್ತೂವರೆಗೆ ತೆಗೆದುಕೊಳ್ಳುವುದು. ವೈದ್ಯರೊಡನೆ ಮಾತಾಡಿ, ಎರಡನ್ನೂ ಅವರ ಮುಂದಿಟ್ಟೆವು. "ಆ ಹೊತ್ತಲ್ಲಿ ಗಂಟಲಲ್ಲಿ ಇಳಿಯಲ್ಲ" ಎಂದು ಅವರು ಎರಡನೆಯದನ್ನು ಆರಿಸಿಕೊಂಡರು. ತಾವೇ ಆರಿಸಿಕೊಂಡ ಹೊತ್ತನ್ನು ಅವರಿಗೆ ಮತ್ತೆ ನೆನಪಿಸಬೇಕಾಗಲಿಲ್ಲ.

ಅಕ್ಷರ ಬಾರದಿದ್ದರೂ ದಿನವೆಲ್ಲ ಚಿಲ್ಲರೆ ಎಣಿಸುವವರಿಗೆ ಅಂಕಿ ಗೊತ್ತಿರುತ್ತದೆ. ಅವರ ಸೆರಗಿನ ಗಂಟಿನಲ್ಲಿದ್ದ ಇಪ್ಪತ್ತರ ನೋಟನ್ನೇ ಸಿರಿಂಜಿನ ಪಕ್ಕದಲ್ಲಿಟ್ಟು, "ಇದರ ಮೇಲಿರುವುದು ಇಲ್ಲಿ ಎಲ್ಲಿದೆ ನೋಡಿ" ಎಂದೆ. ಬೆರಳಿಟ್ಟು ತೋರಿಸಿದರು. ಬೆಳಿಗ್ಗೆಗೆ ಇಪ್ಪತ್ತರ ನೋಟು, ರಾತ್ರಿಗೆ ಹತ್ತರ ನೋಟು. ನೂಲಿನಲ್ಲಿ ಮಲ್ಲಿಗೆ ಕಟ್ಟುವ ಬೆರಳುಗಳಿಗೆ ಸಿರಿಂಜು ಹಿಡಿಯುವುದು ಕಷ್ಟವಾಗಲೇ ಇಲ್ಲ. ಈ ಮಾತನ್ನು ಅವರಿಗೇ ಹೇಳಿದೆ, ಮುಖ ಅರಳಿತು. ಮೊದಲ ದಿನ ಖಾಲಿ ಬಾಟಲಿಗೆ ನೀರು ತುಂಬಿ, ಗೆರೆಯವರೆಗೆ ಎಳೆಯುವುದನ್ನಷ್ಟೇ ಮಾಡಿಸಿದೆ. ಮರುದಿನ ಇನ್ಸುಲಿನ್ ಬಾಟಲಿಯನ್ನು ಅಂಗೈಗಳ ನಡುವೆ ಹಾಲಿನಂತೆ ಒಂದೇ ಸಮ ಆಗುವವರೆಗೆ ಉರುಳಿಸಿ, ತಮ್ಮ ಡೋಸನ್ನು ನನ್ನೆದುರು ತಾವೇ ಹೊಟ್ಟೆಗೆ ಚುಚ್ಚಿಕೊಂಡರು. ಡಿಸ್ಚಾರ್ಜ್ ಚೀಟಿ ಕೈಗೆ ಬರುವ ಹೊತ್ತಿಗೆ ಶುರುಮಾಡಿದ್ದರೆ ಇದಕ್ಕೆಲ್ಲ ಸಮಯವೇ ಸಿಗುತ್ತಿರಲಿಲ್ಲ.

"ಅರ್ಥವಾಯಿತೇ?" ಎಂಬ ಪ್ರಶ್ನೆಯನ್ನು ದಯವಿಟ್ಟು ಬಿಟ್ಟುಬಿಡಿ. ಬಿಳಿ ಕೋಟಿನ ಮುಂದೆ ಇಲ್ಲ ಎನ್ನುವವರು ಯಾರು? "ಮನೆಯಲ್ಲಿ ಸೊಸೆ ಕೇಳಿದರೆ ಹೇಗೆ ತೋರಿಸ್ತೀರಿ, ನನಗೆ ತೋರಿಸಿ. ನಾನು ಸರಿಯಾಗಿ ಹೇಳಿಕೊಟ್ಟೆನೋ ಇಲ್ಲವೋ ನೋಡೋಣ" ಎನ್ನಿ. ತಪ್ಪಿದ್ದರೆ ಅದು ಹೇಳಿಕೊಟ್ಟವರ ಲೆಕ್ಕಕ್ಕೆ ಹೋಗುತ್ತದೆ, ಅವರು ನಾಚಬೇಕಾಗುವುದಿಲ್ಲ. ಈ ಅಮ್ಮ ಹಾಗೆ ತೋರಿಸುವಾಗ ಸಿರಿಂಜಿನೊಳಗೆ ದೊಡ್ಡದೊಂದು ಗಾಳಿಗುಳ್ಳೆ ಇತ್ತು. ಮದ್ದು ಗೆರೆ ಮುಟ್ಟಿದಂತೆ ಕಂಡರೂ ಅದರಲ್ಲೊಂದು ಪಾಲು ಬರೀ ಗಾಳಿ. "ತಿಳೀತು" ಎಂಬ ಮಾತನ್ನೇ ನಂಬಿದ್ದರೆ ಅದು ನನ್ನ ಕಣ್ಣಿಗೆ ಬೀಳುತ್ತಲೇ ಇರಲಿಲ್ಲ.

ಎರಡು ವಾರಕ್ಕೆ ಸಕ್ಕರೆ ಏರಿಸಿಕೊಂಡು ಬರುವವರ ಸಿರಿಂಜನ್ನು ಮೊದಲು ನೋಡಿ. ನಮ್ಮಲ್ಲಿ ಬಾಟಲಿಯ ಇನ್ಸುಲಿನ್ ಹೆಚ್ಚಾಗಿ ಮಿಲಿಲೀಟರಿಗೆ 40 ಯೂನಿಟ್‌ನದು. ಅದಕ್ಕೆ ಕೆಂಪು ಮುಚ್ಚಳದ ಸಿರಿಂಜು. ಔಷಧಿ ಅಂಗಡಿಯಲ್ಲಿ ಕಿತ್ತಳೆ ಮುಚ್ಚಳದ್ದು, ಅಂದರೆ 100 ಯೂನಿಟ್‌ನದು ಕೊಟ್ಟರೆ, ಇಪ್ಪತ್ತರ ಗೆರೆಗೆ ಎಳೆದರೂ ಒಳಗೆ ಹೋಗುವುದು 8 ಯೂನಿಟ್ ಮಾತ್ರ. ರೋಗಿ ಹೇಳಿದ್ದನ್ನೆಲ್ಲ ಚಾಚೂ ತಪ್ಪದೆ ಮಾಡಿರುತ್ತಾರೆ, ನಾವು ಅವರನ್ನೇ ಬೈಯುತ್ತೇವೆ. ಹೆಸರು ಓದಲಾಗದವರಿಗೆ ಕೆಂಪು ಮುಚ್ಚಳವೊಂದನ್ನು ಕೈಗೆ ಕೊಟ್ಟು, "ಅಂಗಡಿಯಲ್ಲಿ ಇದನ್ನೇ ತೋರಿಸಿ ಕೇಳಿ" ಎಂದು ಕಳುಹಿಸಿ.

ಸಕ್ಕರೆ ಇಳಿದಾಗಿನ ಮಾತನ್ನು ಬೇರೊಂದು ದಿನಕ್ಕಿಟ್ಟು, ಮೂರು ಟೀ ಚಮಚ ಸಕ್ಕರೆಯನ್ನು ಅವರಿಂದಲೇ ಪೊಟ್ಟಣ ಕಟ್ಟಿಸಿ ಸೊಂಟದ ಚೀಲಕ್ಕೆ ಹಾಕಿಸಿ.

ನೋಟಿನ ಉಪಾಯಕ್ಕೆ ಮಿತಿಯಿದೆ. ಡೋಸು 22 ಆದ ದಿನ ಅದಕ್ಕೆ ನೋಟಿಲ್ಲ. ಕೆಂಪು ಮುಚ್ಚಳದ ಸಿರಿಂಜಿನಲ್ಲಿ ಒಂದು ಗೆರೆ ಒಂದು ಯೂನಿಟ್ ಆದ್ದರಿಂದ "ಇಪ್ಪತ್ತರ ಮೇಲೆ ಎರಡು ಗೆರೆ" ಎಂದು ಮತ್ತೆ ನೀರಿನಲ್ಲಿ ಎಳೆಸಬೇಕು. ಹೊರರೋಗಿ ವಿಭಾಗದಲ್ಲಿ ಡೋಸು ಬದಲಿಸುವ ವೈದ್ಯರಿಗೆ ಇದು ತಿಳಿದಿರುವುದಿಲ್ಲವಾದ್ದರಿಂದ, "ಡೋಸು ಬದಲಾದರೆ ವಾರ್ಡಿಗೆ ಕಳುಹಿಸಿ" ಎಂದು ಡಿಸ್ಚಾರ್ಜ್ ಚೀಟಿಯ ಮೇಲೆ ನೀವೇ ಬರೆದುಕೊಡಿ.