ತೀರ್ಥಹಳ್ಳಿಯಲ್ಲಿದ್ದರೂ ಐಫೋನ್ ಅಮೆರಿಕದ ಆ್ಯಪ್ ಸ್ಟೋರನ್ನೇ ಏಕೆ ತೋರಿಸುತ್ತದೆ?

ಅಮೆರಿಕದಿಂದ ಊರಿಗೆ ಮರಳಿ ಆರು ತಿಂಗಳಾಯಿತು. ಇಲ್ಲಿನ ಬ್ಯಾಂಕಿನ ಆ್ಯಪ್ ಹುಡುಕಿದರೆ ಸಿಗುತ್ತಿಲ್ಲ, ಬೆಲೆಗಳೆಲ್ಲ ಡಾಲರಿನಲ್ಲಿವೆ. ಏಕೆ?

ಉತ್ತರ: ಸ್ಟೋರಿನ ದೇಶ ನಿಮ್ಮ ಖಾತೆಗೆ ಅಂಟಿಕೊಂಡಿರುತ್ತದೆ, ನೀವು ನಿಂತ ನೆಲಕ್ಕಲ್ಲ. ಖಾತೆ ತೆರೆದಾಗ ಕೊಟ್ಟ ದೇಶ, ಬಿಲ್ಲಿನ ವಿಳಾಸ ಮತ್ತು ಹಣ ಪಾವತಿಯ ವಿಧಾನ ಅದನ್ನು ನಿರ್ಧರಿಸುತ್ತವೆ. ತೆರಿಗೆ, ಬೆಲೆ, ಮಾರಾಟದ ಹಕ್ಕು ದೇಶದಿಂದ ದೇಶಕ್ಕೆ ಬೇರೆಯಾಗಿರುವುದೇ ಇದಕ್ಕೆ ಕಾರಣ. ಭಾರತದ ಸ್ಟೋರಿಗೆ ಮಾತ್ರ ಬಿಟ್ಟ ಆ್ಯಪ್ ಅಮೆರಿಕದ ಖಾತೆಗೆ ಕಾಣುವುದೇ ಇಲ್ಲ.

ನನ್ನ ಅಕ್ಕ ಸಾಗರಕ್ಕೆ ಮರಳಿದಾಗಲೂ ಹೀಗೆಯೇ ಆಗಿತ್ತು. Settings ತೆರೆದು, ಮೇಲಿರುವ ಹೆಸರು ಒತ್ತಿ, Media & Purchases, View Account, Country/Region ಎಂದು ಹೋದೆವು. ದೇಶ ಬದಲಾಗಲಿಲ್ಲ. ಗಿಫ್ಟ್ ಕಾರ್ಡಿನಲ್ಲಿ ಉಳಿದಿದ್ದ ಒಂದೂವರೆ ಡಾಲರ್ ಅಡ್ಡ ಬಂದಿತ್ತು! ಹಳೆಯ ದೇಶದ ಬಾಕಿ ಹಣ ಪೂರ್ತಿ ಖರ್ಚಾಗಬೇಕು. ಏನನ್ನೂ ಕೊಳ್ಳಲಾಗದಷ್ಟು ಚಿಲ್ಲರೆ ಉಳಿದರೆ ಆ್ಯಪಲ್ ಸಹಾಯವಾಣಿಗೆ ಹೇಳಿ ತೆಗೆಸಬೇಕು. ಚಂದಾಗಳನ್ನು ರದ್ದುಮಾಡಿ ಅವಧಿ ಮುಗಿಯುವವರೆಗೆ ಕಾಯಬೇಕು. ಆಮೇಲೆ ಭಾರತದ ವಿಳಾಸ ಮತ್ತು ಯುಪಿಐ ಕೊಟ್ಟರೆ ಸಾಕು.

ಬದಲಿಸುವ ಮೊದಲು ಕೊಂಡ ಹಾಡು, ಸಿನಿಮಾಗಳನ್ನು ದಯವಿಟ್ಟು ಇಳಿಸಿಟ್ಟುಕೊಳ್ಳಿ. ಹೊಸ ದೇಶದಲ್ಲಿ ಕೆಲವು ಮತ್ತೆ ಸಿಗದಿರಬಹುದು.

ಆಂಡ್ರಾಯ್ಡ್‌ನಲ್ಲಿ ಇನ್ನಷ್ಟು ಎಚ್ಚರ ಬೇಕು: ಪ್ಲೇ ಸ್ಟೋರಿನ ದೇಶವನ್ನು ವರ್ಷಕ್ಕೆ ಒಮ್ಮೆ ಮಾತ್ರ ಬದಲಿಸಬಹುದು. ಆರು ತಿಂಗಳಿಗೇ ವಾಪಸು ಹೋಗುವವರಾದರೆ ಅದನ್ನು ಮುಟ್ಟಬೇಡಿ.

ನೆಟ್‌ಫ್ಲಿಕ್ಸ್‌ನ ರೀತಿ ಬೇರೆ. ಅಲ್ಲಿ ಬಿಲ್ಲು ಹಳೆಯ ದೇಶದ್ದೇ ಆಗಿದ್ದರೂ ಸಿನಿಮಾಗಳ ಪಟ್ಟಿ ನೀವು ಈಗಿರುವ ದೇಶದ್ದು.