ಎಣಿಕೆ ಆರಾದರೂ ಮಾರ್ಕೆಟ್ ಯಾಕೆ ಬೀಳಲಿಲ್ಲ?

"ಎರಡು ತಿಂಗಳ ಇಂಡೆಕ್ಸ್ ಚಾರ್ಟ್‌ನಲ್ಲಿ ಆರು ಡಿಸ್ಟ್ರಿಬ್ಯೂಷನ್ ಡೇ ಸಿಕ್ಕವು. ಮಾರ್ಕೆಟ್ ಮಾತ್ರ ಏರ್ತಾನೇ ಇದೆ. ಎಲ್ಲಿ ತಪ್ಪಿದೆ?"

ಹಳೆಯ ದಿನಗಳನ್ನು ನೀವು ಅಳಿಸಿಲ್ಲ ಅನ್ಸುತ್ತೆ. ಇಂಡೆಕ್ಸ್ 0.2% ಅಥವಾ ಜಾಸ್ತಿ ಇಳಿದು, ವಾಲ್ಯೂಮ್ ಹಿಂದಿನ ದಿನಕ್ಕಿಂತ ಹೆಚ್ಚಿದ್ದರೆ, ದೊಡ್ಡ ಸಂಸ್ಥೆಗಳು ಮಾರುತ್ತಿವೆ ಅನ್ನೋ ಸೂಚನೆಯಾಗಿ ಆ ದಿನ ಡಿಸ್ಟ್ರಿಬ್ಯೂಷನ್ ಡೇ ಲೆಕ್ಕಕ್ಕೆ ಬರುತ್ತದೆ, ಸರಿ. ಆದರೆ 25 ವಹಿವಾಟು ದಿನ ಕಳೆದ ಮೇಲೆ ಅದನ್ನು ಕೈಬಿಡಬೇಕು. ಅದಕ್ಕೂ ಮೊದಲೇ ಇಂಡೆಕ್ಸ್ ಆ ದಿನದ ಕ್ಲೋಸಿಂಗ್‌ಗಿಂತ 5% ಮೇಲೇರಿದರೂ ಕೈಬಿಡಬೇಕು. ಕೆಲವರು 6% ಹಿಡಿಯುತ್ತಾರೆ.

ನಿಮ್ಮ ಮೊದಲ ಎರಡು ದಿನಗಳು 10,000 ಮತ್ತು 10,050ರಲ್ಲಿ ಕ್ಲೋಸ್ ಆಗಿದ್ದವು ಅಂದುಕೊಳ್ಳಿ. ಈಗ ಇಂಡೆಕ್ಸ್ 10,560 ಮುಟ್ಟಿದರೆ ಎರಡೂ ಹೋಯ್ತು, ಉಳಿದದ್ದು ನಾಲ್ಕೇ. ದೊಡ್ಡ ಸಂಸ್ಥೆಗಳು ಅಂದು ಮಾರಿದ್ದನ್ನೆಲ್ಲ ಕೊಳ್ಳುವವರು ನುಂಗಿಕೊಂಡು ಮುಂದೆ ಹೋಗಿದ್ದಾರೆ ಅಂತ ಅರ್ಥ.

ಇನ್ನೊಂದು, ಡೆರಿವೇಟಿವ್ ಎಕ್ಸ್‌ಪೈರಿ ದಿನ ವಾಲ್ಯೂಮ್ ಸುಮ್ನೆ ಉಬ್ಬಿರಬಹುದು. ಅಂಥ ದಿನ 0.25% ಇಳಿದಿದ್ದರೆ ನಾನು ಪಕ್ಕದಲ್ಲಿ ಪ್ರಶ್ನೆ ಚಿಹ್ನೆ ಹಾಕಿಡುತ್ತೇನೆ.

ಉಳಿದ ನಾಲ್ಕರ ತಾರೀಖು ನೋಡಿ. ಎರಡೇ ವಾರದಲ್ಲಿ ಒತ್ತೊತ್ತಾಗಿ ಬಂದಿದ್ದರೆ ನಾನಂತೂ ಹೊಸ ಖರೀದಿ ನಿಲ್ಲಿಸುತ್ತೇನೆ. ಐದು ವಾರಕ್ಕೆ ಹರಡಿದ್ದರೆ ಅಷ್ಟು ಭಯವಿಲ್ಲ.